ಬೆಂಜೀನ್ ಡೈರೆಕ್ಟಿಂಗ್ ಗ್ರೂಪ್‌ಗಳ ಪಟ್ಟಿ ಬಾಯಿಪಾಠ ಮಾಡೋಕೆ ಸುಲಭ ಉಪಾಯ ಇದೆಯಾ?

"ಯಾವುದು ಆರ್ಥೋ-ಪ್ಯಾರಾ, ಯಾವುದು ಮೆಟಾ ಅಂತ ಪ್ರತಿ ಸಲ ಮರೀತೀನಿ. ಬಿಎಸ್ಸಿ ಪರೀಕ್ಷೆಗೆ ಮೂರು ವಾರ ಇದೆ. ಯಾರಾದ್ರೂ ಒಂದು ಸೂತ್ರ ಹೇಳಿ."

ನನಗೆ ಆ ಪಟ್ಟಿ ನಿದ್ದೆಗಣ್ಣಲ್ಲೂ ಬರುತ್ತಿತ್ತು. ಅದನ್ನು ನಂಬಿಯೇ ನಾನು ಮೊದಲ ಕೆಲಸದಲ್ಲಿ ಲ್ಯಾಬ್ ಕಳೆದುಕೊಂಡೆ. ಹಾಗಾಗಿ ಉಪಾಯ ಹೇಳಿಕೊಡುವುದಿಲ್ಲ, ಪಟ್ಟಿಯನ್ನು ಪಕ್ಕಕ್ಕಿಡಿ ಎನ್ನುತ್ತೇನೆ.

ಎಂಎಸ್ಸಿ ಮುಗಿಸಿ ಒಂದು ಸಣ್ಣ ಕೆಮಿಕಲ್ ಕಂಪನಿಯ ಆರ್ ಅಂಡ್ ಡಿ ಲ್ಯಾಬಿಗೆ ಟ್ರೇನಿಯಾಗಿ ಸೇರಿದ್ದೆ. ಸ್ವಲ್ಪ ಪ್ಯಾರಾ-ನೈಟ್ರೋಅನಿಲೀನ್ ಮಾಡಿಕೊಡು ಎಂದರು. ಪುಸ್ತಕದ ದಾರಿಯಲ್ಲಿ ಮೂರು ಹಂತ: ಅನಿಲೀನನ್ನು ಅಸಿಟಾನಿಲೈಡ್ ಮಾಡು, ಅದನ್ನು ನೈಟ್ರೇಟ್ ಮಾಡು, ಕೊನೆಗೆ ಅಸಿಟೈಲ್ ಗುಂಪನ್ನು ಕಿತ್ತುಹಾಕು. ಹಾಕಿದ್ದನ್ನೇ ತೆಗೆಯುವ ಈ ಸುತ್ತು ಯಾಕೆ ಎಂದುಕೊಂಡೆ. –NH₂ ಪಟ್ಟಿಯ ತುದಿಯಲ್ಲೇ ಇದೆ, ಎಲ್ಲಕ್ಕಿಂತ ಬಲವಾದ ಆಕ್ಟಿವೇಟಿಂಗ್ ಗ್ರೂಪ್, ಆರ್ಥೋ-ಪ್ಯಾರಾ. ನೇರವಾಗಿ ನೈಟ್ರೇಟ್ ಮಾಡಿದರೆ ಎರಡು ಹಂತ ಉಳಿತಾಯವಾಗುತ್ತದಲ್ಲ?

10 ಗ್ರಾಂ ಅನಿಲೀನ್ ತೆಗೆದುಕೊಂಡು, ಐಸ್‌ನಲ್ಲಿಟ್ಟು, ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟೆ. ಫ್ಲಾಸ್ಕಿನಲ್ಲಿ ಬಿಳಿ ಗಟ್ಟಿ ಕಟ್ಟಿತು. ನಾನು ಕಲಕಿದೆ, ಇನ್ನಷ್ಟು ಆಮ್ಲ ಹಾಕಿದೆ, ಕರಗಿತು, ಮುಂದೆ ಹೋದೆ. ನನ್ನ ತಪ್ಪೆಲ್ಲ ಇರುವುದು ಆ ಒಂದು ನಿಮಿಷದಲ್ಲಿ, ಆಮೇಲೆ ಮಾಡಿದ ಯಾವುದರಲ್ಲೂ ಅಲ್ಲ. ಆ ಬಿಳಿ ಪದಾರ್ಥ ಅನಿಲೀನಿನ ಸಲ್ಫೇಟ್ ಲವಣ. ಎಂದರೆ ನೈಟ್ರಿಕ್ ಆಮ್ಲದ ಬಾಟಲಿಗೆ ಕೈ ಹಾಕುವ ಮೊದಲೇ –NH₂ ಒಂದು ಪ್ರೋಟಾನ್ ಹಿಡಿದು –NH₃⁺ ಆಗಿಹೋಗಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅನಿಲೀನ್ ಇತ್ತು, ಫ್ಲಾಸ್ಕಿನಲ್ಲಿ ಅನಿಲೀನಿಯಂ ಅಯಾನ್ ಇತ್ತು. ಕಣ್ಣೆದುರಿಗೇ ಬಿಳಿಯಾಗಿ ಕುಳಿತು ಅದು ಹೇಳುತ್ತಿದ್ದುದನ್ನು ನಾನು ಕಡ್ಡಿಯಿಂದ ಕಲಕಿ ಕರಗಿಸಿದೆ.

ಇದು ಯಾಕೆ ಅಷ್ಟು ದೊಡ್ಡ ವಿಷಯ? ನೈಟ್ರೇಟ್ ಮಾಡುವಾಗ NO₂⁺ ಬಂದು ಉಂಗುರದ ಒಂದು ಕಾರ್ಬನ್ನಿಗೆ ಅಂಟಿಕೊಂಡಾಗ ಉಂಗುರದ ಮೇಲೆ ಒಂದು ಧನ ಆವೇಶ ಉಳಿಯುತ್ತದೆ. ಅದು ಎಲ್ಲೆಂದರಲ್ಲಿ ಕೂರುವುದಿಲ್ಲ. ಅಂಟಿದ ಜಾಗಕ್ಕೆ ಆರ್ಥೋ ಆದ ಎರಡು, ಪ್ಯಾರಾ ಆದ ಒಂದು, ಈ ಮೂರೇ ಕಾರ್ಬನ್ನುಗಳಲ್ಲಿ ಹಂಚಿಹೋಗುತ್ತದೆ. ಈಗ NO₂⁺ ನಮ್ಮ ಗುಂಪಿಗೆ ಪ್ಯಾರಾದಲ್ಲಿ ಕೂತಿತು ಎನ್ನಿ. ಆ ಮೂರರಲ್ಲಿ ಒಂದು ಗುಂಪು ಹೊತ್ತ ಕಾರ್ಬನ್ನೇ ಆಗುತ್ತದೆ. ಆರ್ಥೋದಲ್ಲಿ ಕೂತರೂ ಅಷ್ಟೇ. ಮೆಟಾದಲ್ಲಿ ಕೂತರೆ ಮಾತ್ರ ಆವೇಶ ಆ ಕಾರ್ಬನ್ನಿಗೆ ಬರುವುದೇ ಇಲ್ಲ. ಗುಂಪು –NH₂ ಆಗಿದ್ದರೆ ನೈಟ್ರೋಜನ್ ತನ್ನ ಲೋನ್ ಪೇರ್ ಕೊಟ್ಟು ಪಕ್ಕದ ಆವೇಶವನ್ನು ಹೊರುತ್ತದೆ, ಆದ್ದರಿಂದ ಆರ್ಥೋ-ಪ್ಯಾರಾ ಲಾಭ. –NH₃⁺ ಬಳಿ ಕೊಡಲು ಲೋನ್ ಪೇರ್ ಇಲ್ಲ, ಪ್ರೋಟಾನ್ ಅದನ್ನು ಕಟ್ಟಿಹಾಕಿದೆ. ಮೇಲಾಗಿ ಅದರ ಮೇಲೇ ಧನ ಆವೇಶ. ಧನದ ಪಕ್ಕಕ್ಕೆ ಧನ ತಂದು ಕೂರಿಸುವುದಕ್ಕಿಂತ ಮೆಟಾ ವಾಸಿ. ಮೆಟಾ ಜಾಗಕ್ಕೆ ಯಾವ ಆಕರ್ಷಣೆಯೂ ಇಲ್ಲ, ಉಳಿದ ಎರಡು ಅದಕ್ಕಿಂತ ಕೆಟ್ಟಿವೆ, ಅಷ್ಟೇ.

ನನ್ನ ಫ್ಲಾಸ್ಕನ್ನು ಐಸ್ ಮೇಲೆ ಸುರಿದು ಕ್ಷಾರ ಹಾಕಿದಾಗ ಬಂದದ್ದು ಕಂದು ಬಣ್ಣದ ಅಂಟು, ಅದರೊಳಗೆ ಹಳದಿ ಹರಳು. ಆ ಅಂಟು ನೈಟ್ರಿಕ್ ಆಮ್ಲ ಅನಿಲೀನನ್ನು ಆಕ್ಸಿಡೈಸ್ ಮಾಡಿದ್ದರ ಫಲ. (ಹೊಗೆಯಾಡುವ ನೈಟ್ರಿಕ್ ಆಮ್ಲ ಮತ್ತು ಅನಿಲೀನ್ ಸೇರಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, 1940ರ ದಶಕದಲ್ಲಿ ಅಮೆರಿಕದ ರಾಕೆಟ್‌ಗಳಲ್ಲಿ ಈ ಜೋಡಿಯನ್ನು ಬಳಸಿದ್ದರು. ದಯವಿಟ್ಟು ಯಾರೂ ಪ್ರಯತ್ನಿಸಬೇಡಿ.) ಹರಳು ತೊಳೆದು ಕರಗುವ ಬಿಂದು ನೋಡಿದೆ. ಶುದ್ಧ ಪ್ಯಾರಾ 148 ಡಿಗ್ರಿಯಲ್ಲಿ ಥಟ್ಟನೆ ಕರಗಬೇಕು. ನನ್ನದು 90ರ ಆಸುಪಾಸಿನಲ್ಲೇ ಒದ್ದೆಯಾಗಿ 120ರವರೆಗೂ ಎಳೆಯಿತು. ಟಿಎಲ್‌ಸಿಯಲ್ಲಿ ಎರಡು ಗಾಢ ಹಳದಿ ಚುಕ್ಕೆ, ಮೇಲೆ ಇನ್ನೊಂದು ತೀರಾ ತೆಳು ಚುಕ್ಕೆ. ಪಠ್ಯಪುಸ್ತಕದ ಅಂಕಿಯೇ ಹಾಗಿದೆ: ಪ್ಯಾರಾ 51, ಮೆಟಾ 47, ಆರ್ಥೋ 2 ಶೇಕಡಾ.

ಮೆಟಾ ಅರ್ಧದಷ್ಟೇ ಏಕೆ ಎಂದು ನೀವು ಕೇಳಬಹುದು. ಪ್ರೋಟಾನ್ ಹಿಡಿಯದ ಅನಿಲೀನ್ ಅಲ್ಲಿ ಚೂರೇ ಚೂರು ಉಳಿದಿದ್ದರೂ ಅದು ಅಯಾನಿಗಿಂತ ಎಷ್ಟೋ ಪಟ್ಟು ವೇಗವಾಗಿ ಪ್ರತಿಕ್ರಿಯಿಸುತ್ತದೆ. ಅಯಾನಿನಿಂದಲೂ ಒಂದಿಷ್ಟು ಪ್ಯಾರಾ ಬರುತ್ತದೆ.

ಹಿರಿಯ ಕೆಮಿಸ್ಟ್ ಒಬ್ಬರು ನನ್ನ ನೋಟ್‌ಬುಕ್ ನೋಡಿ, "ಆ ಬಿಳೀದು ಏನಂತ ಬರ್ದಿದ್ದೀಯಪ್ಪಾ?" ಎಂದರು. "ಘನ ಬಂತು, ಕರಗಿತು ಅಂತ, ಸರ್." "ಏನು ಘನ?" ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳು ನನ್ನನ್ನು ಲ್ಯಾಬಿನಿಂದ ತೆಗೆದು ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ವಿಭಾಗಕ್ಕೆ ಹಾಕಿದರು. ಸಿಂಥೆಸಿಸ್‌ಗೆ ಮರಳಲು ಎರಡು ವರ್ಷ ಮತ್ತು ಇನ್ನೊಂದು ಕಂಪನಿ ಬೇಕಾಯಿತು.

ಸುತ್ತು ದಾರಿಯನ್ನು ಆಮೇಲೆ ಸರಿಯಾಗಿ ಮಾಡಿದೆ. ಅಸಿಟಾನಿಲೈಡಿನಲ್ಲಿ ನೈಟ್ರೋಜನ್ನಿನ ಲೋನ್ ಪೇರನ್ನು ಪಕ್ಕದ ಕಾರ್ಬೊನಿಲ್ ಅರ್ಧ ಎಳೆದುಕೊಂಡಿರುತ್ತದೆ. ಆದ್ದರಿಂದ ಆ ನೈಟ್ರೋಜನ್ ಸುಲಭಕ್ಕೆ ಪ್ರೋಟಾನ್ ಹಿಡಿಯುವುದಿಲ್ಲ, ಆದರೂ ಉಂಗುರಕ್ಕೆ ಕೊಡಲು ಸಾಕಷ್ಟು ಉಳಿದಿರುತ್ತದೆ. 5 ಗ್ರಾಂ ಅಸಿಟಾನಿಲೈಡ್, 5 ಮಿಲಿ ಗ್ಲೇಶಿಯಲ್ ಅಸಿಟಿಕ್ ಆಮ್ಲ, 10 ಮಿಲಿ ಸಾಂದ್ರ ಸಲ್ಫ್ಯೂರಿಕ್. ಇದು ಚೆನ್ನಾಗಿ ತಣ್ಣಗಾದ ಮೇಲೆ 2.2 ಮಿಲಿ ನೈಟ್ರಿಕ್, 1.4 ಮಿಲಿ ಸಲ್ಫ್ಯೂರಿಕ್ ಬೆರೆಸಿದ್ದನ್ನು ಹನಿಹನಿಯಾಗಿ, ಉಷ್ಣತೆ 10 ಡಿಗ್ರಿ ದಾಟದಂತೆ. ಐಸ್ ಮೇಲೆ ಸುರಿದರೆ ಘನ ಬರುತ್ತದೆ. ಎಥನಾಲಿನಲ್ಲಿ ಮರುಹರಳು ಮಾಡಿದರೆ ಹಳದಿ ಆರ್ಥೋ ದ್ರಾವಣದಲ್ಲೇ ಉಳಿದು, ಬಣ್ಣವಿಲ್ಲದ ಪ್ಯಾರಾ ಕೈಗೆ ಸಿಗುತ್ತದೆ, ಕರಗುವ ಬಿಂದು 214. 70 ಶೇಕಡಾ ಸಲ್ಫ್ಯೂರಿಕ್‌ನಲ್ಲಿ ಅರ್ಧ ಗಂಟೆ ರಿಫ್ಲಕ್ಸ್ ಮಾಡಿ, ನೀರಿಗೆ ಸುರಿದು, ಕ್ಷಾರ ಹಾಕಿದರೆ ಪ್ಯಾರಾ-ನೈಟ್ರೋಅನಿಲೀನ್ ಅಚ್ಚ ಹಳದಿಯಾಗಿ ಇಳಿಯುತ್ತದೆ.

ನಿಮ್ಮ ಮೂರು ವಾರದಲ್ಲಿ ಪಟ್ಟಿ ಬೇಡ. ಪ್ರತಿ ಪ್ರಶ್ನೆಗೂ ಮೊದಲು ರೀಏಜೆಂಟ್ ಓದಿ, ಅದರಲ್ಲಿ ನಿಮ್ಮ ಗುಂಪು ಯಾವ ರೂಪದಲ್ಲಿರುತ್ತದೆ ಎಂದು ಬರೆಯಿರಿ. ಆಮೇಲೆ ಉಂಗುರಕ್ಕೆ ಅಂಟಿದ ಪರಮಾಣುವಿನ ಮೇಲೆ ಲೋನ್ ಪೇರ್ ಇದೆಯೇ ನೋಡಿ, ಧನ ಆವೇಶದ ಮೂರು ಚಿತ್ರ ಬಿಡಿಸಿ. ಕ್ಲೋರಿನ್ ಗೊಂದಲವೂ ಅಲ್ಲೇ ಕಳೆಯುತ್ತದೆ: ಅದು ಎಲೆಕ್ಟ್ರಾನ್ ಎಳೆಯುವುದರಿಂದ ಕ್ರಿಯೆ ಬೆಂಜೀನಿಗಿಂತ ನಿಧಾನ, ಆದರೆ ಲೋನ್ ಪೇರ್ ಇರುವುದರಿಂದ ಆರ್ಥೋ-ಪ್ಯಾರಾ. ಮೀಥೈಲಿಗೆ ಮಾತ್ರ ಲೋನ್ ಪೇರ್ ಪ್ರಶ್ನೆ ಹೊಂದುವುದಿಲ್ಲ, ಅದು ಬಂಧದ ಮೂಲಕವೇ ಎಲೆಕ್ಟ್ರಾನ್ ತಳ್ಳುತ್ತದೆ. ಚಿತ್ರ ಅದೇ.

ಇದನ್ನು ಮಾಡಿ ನೋಡಿ. ಡೈಮೀಥೈಲ್ ಅನಿಲೀನನ್ನು ಸಾಂದ್ರ ಸಲ್ಫ್ಯೂರಿಕ್‌ನಲ್ಲಿ ಕರಗಿಸಿ ನೈಟ್ರೇಟ್ ಮಾಡಿದರೆ ಮುಖ್ಯವಾಗಿ ಮೆಟಾ ಸಿಗುತ್ತದೆ, ಮೆಟಾ ಬೇಕಾದವರು ಬೇಕೆಂದೇ ಹಾಗೆ ಮಾಡುತ್ತಾರೆ. ಅದೇ ವಸ್ತುವಿಗೆ ನೀರು ಬೆರೆತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸೋಡಿಯಂ ನೈಟ್ರೈಟ್ ಹಾಕಿದರೆ ನೈಟ್ರೋಸೋ ಗುಂಪು ಪ್ಯಾರಾಕ್ಕೆ ಹೋಗುತ್ತದೆ. ಎರಡರಲ್ಲೂ ಉಂಗುರಕ್ಕೆ ಯಾವ ರೂಪದ ನೈಟ್ರೋಜನ್ ಅಂಟಿತ್ತು ಎಂದು ಬರೆದು ಕೆಳಗೆ ಹಾಕಿ, ನಾನು ನೋಡುತ್ತೇನೆ.