ಬ್ಲಡ್ ಕಲ್ಚರ್‌ನಲ್ಲಿ ಪದೇ ಪದೇ ಕಾನ್ಸ್ ಬಂದರೆ ನಂಬಬೇಕಾ, ಬಿಡಬೇಕಾ?

ಪ್ರಶ್ನೆ: "ನಾನು ಐಸಿಯು ಸ್ಟಾಫ್ ನರ್ಸ್. ನಾವು ಕಳಿಸೋ ಬ್ಲಡ್ ಕಲ್ಚರ್‌ನಲ್ಲಿ ಆಗಾಗ ಕಾನ್ಸ್ ಅಂತ ರಿಪೋರ್ಟ್ ಬರ್ತಿದೆ. ಒಬ್ಬ ಡಾಕ್ಟರ್ ಕಂಟಾಮಿನೇಷನ್ ಬಿಡಿ ಅಂತಾರೆ, ಇನ್ನೊಬ್ಬರು ವ್ಯಾಂಕೊಮೈಸಿನ್ ಶುರು ಮಾಡ್ತಾರೆ. ಸ್ಪಿರಿಟ್ ಹಚ್ಚಿಯೇ ರಕ್ತ ತೆಗೀತೀವಿ. ತಪ್ಪು ಎಲ್ಲಿ ಆಗ್ತಿದೆ?"

ಒಬ್ಬ ರೋಗಿಗೆ ಒಂದೇ ಬಾಟಲಿ ಕಳಿಸುತ್ತಿದ್ದೀರಿ ಅಂತ ನನ್ನ ಊಹೆ. ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಇರುವವನು. ಒಂಟಿ ಬಾಟಲಿಯಲ್ಲಿ ಕಾನ್ಸ್, ಅಂದರೆ ಕೋಯಾಗುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್, ಬೆಳೆದು ನಿಂತರೆ ಅದು ಚರ್ಮದಿಂದ ಬಂತೋ ರಕ್ತದಲ್ಲೇ ಇತ್ತೋ ಅಂತ ಹೇಳಲು ಲ್ಯಾಬಿನಲ್ಲಿ ನಮಗೆ ದಾರಿಯೇ ಇಲ್ಲ. ಸ್ಲೈಡ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ: ನೇರಳೆ ಬಣ್ಣದ ಪುಟ್ಟ ಗುಂಡುಗಳ ಗೊಂಚಲು. ಆಂಟಿಬಯಾಟಿಕ್ ಸೆನ್ಸಿಟಿವಿಟಿ ಹಾಕಿದರೂ ಅದು ಎಲ್ಲಿಂದ ಬಂತು ಅನ್ನುವುದು ಗೊತ್ತಾಗುವುದಿಲ್ಲ. ನಿಮ್ಮ ಇಬ್ಬರು ಡಾಕ್ಟರ್‌ಗಳೂ ಊಹೆಯ ಮೇಲೆ ಮಾತಾಡುತ್ತಿದ್ದಾರೆ, ಅವರ ಕೈಗೆ ಬೇರೆ ಏನನ್ನೂ ನಾವು ಕೊಟ್ಟಿಲ್ಲ.

ದೊಡ್ಡವರಿಗೆ ಕನಿಷ್ಠ ಎರಡು ಸೆಟ್ ಬೇಕು. ಎರಡು ಸೆಟ್ ಅಂದರೆ ಎರಡು ಬೇರೆ ಬೇರೆ ಜಾಗದಲ್ಲಿ ಚುಚ್ಚಿ ತೆಗೆದ ರಕ್ತ, ಉದಾಹರಣೆಗೆ ಎಡಗೈ ಒಂದು, ಬಲಗೈ ಒಂದು. ಒಂದೇ ಸಲ ಚುಚ್ಚಿ ಎರಡು ಬಾಟಲಿ ತುಂಬಿದರೆ ಅದು ಒಂದೇ ಸೆಟ್, ಯಾಕೆಂದರೆ ಸೂಜಿಯ ಜೊತೆ ಚರ್ಮದ ಕೀಟಾಣು ಬಂದಿದ್ದರೆ ಎರಡಕ್ಕೂ ಹೋಗಿರುತ್ತದೆ. ಸೆಟ್ಟಿನಲ್ಲಿ ಸಾಮಾನ್ಯವಾಗಿ ಒಂದು ಏರೋಬಿಕ್, ಒಂದು ಅನೇರೋಬಿಕ್ ಬಾಟಲಿ ಇರಬೇಕು. ನಮ್ಮ ಕಡೆ ಎಷ್ಟೋ ಆಸ್ಪತ್ರೆಗಳಲ್ಲಿ ಖರ್ಚಿನ ದೃಷ್ಟಿಯಿಂದ ಏರೋಬಿಕ್ ಮಾತ್ರ ಇರುತ್ತದೆ. ಹಾಗಿದ್ದರೂ ಎರಡು ಕೈಯಿಂದ ಒಂದೊಂದು ಏರೋಬಿಕ್ ಕಳಿಸಿ. ರೋಗಿ ಸೀರಿಯಸ್ ಇದ್ದರೆ ಎರಡನ್ನೂ ಬೆನ್ನುಬೆನ್ನಿಗೇ ತೆಗೆಯಬಹುದು, ಮಧ್ಯೆ ಗಂಟೆಗಟ್ಟಲೆ ಕಾಯುವ ಅಗತ್ಯವಿಲ್ಲ. ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆ ಆಗಬೇಕು, ಅಷ್ಟೇ.

ಈಗ ರಕ್ತದ ಅಳತೆ. ಹೆಚ್ಚಿನವರು ಇದನ್ನು ಕಂಟಾಮಿನೇಷನ್‌ಗೆ ಸಂಬಂಧವಿಲ್ಲದ ವಿಷಯ ಅಂದುಕೊಂಡಿದ್ದಾರೆ, ಆದರೆ ಸಂಬಂಧ ಇದೆ. ದೊಡ್ಡವರ ಬಾಟಲಿಗೆ 8ರಿಂದ 10 ಎಂಎಲ್ ರಕ್ತ ಬೇಕು. ವಾರ್ಡಿನ ಟ್ರಾಲಿ ನೋಡಿ, ಕೈಗೆ ಸಿಗುವುದು 5 ಎಂಎಲ್ ಸಿರಿಂಜ್. ಅದರಲ್ಲಿ ತೆಗೆದು, ಒಂದಿಷ್ಟು ಸಿಬಿಸಿ ಟ್ಯೂಬಿಗೆ ಹಾಕಿ, ಉಳಿದದ್ದು ಕಲ್ಚರ್ ಬಾಟಲಿಗೆ ಹೋಗುತ್ತದೆ. ಮೂರು ಎಂಎಲ್ ಇದ್ದರೆ ಪುಣ್ಯ. ದೊಡ್ಡವರ ರಕ್ತದಲ್ಲಿ ನಿಜವಾದ ಸೋಂಕಿದ್ದಾಗಲೂ ಎಷ್ಟೋ ಸಲ ಒಂದು ಎಂಎಲ್‌ಗೆ ಒಂದು ಬ್ಯಾಕ್ಟೀರಿಯಾ ಕೂಡ ಸಿಗುವುದಿಲ್ಲ. ಹಾಗಾಗಿ ಮೂರು ಎಂಎಲ್ ಹಾಕಿದಾಗ ನಿಜವಾದ ಕೀಟಾಣು ಬಾಟಲಿಗೆ ಬೀಳದೇ ಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಚರ್ಮದ ಕೀಟಾಣು ರಕ್ತದ ಅಳತೆ ನೋಡಿಕೊಂಡು ಬರುವುದಿಲ್ಲ, ಸೂಜಿ ಚರ್ಮ ದಾಟುವಾಗ ಅಂಟಿಕೊಂಡು ಬರುತ್ತದೆ, ಮೂರು ಎಂಎಲ್ ಆದರೂ ಅಷ್ಟೇ, ಹತ್ತು ಎಂಎಲ್ ಆದರೂ ಅಷ್ಟೇ. ಅಂದರೆ ರಕ್ತ ಕಡಿಮೆ ಹಾಕಿದರೆ ನಿಜವಾದ ಪಾಸಿಟಿವ್ ಕಡಿಮೆಯಾಗುತ್ತದೆ, ಸುಳ್ಳು ಪಾಸಿಟಿವ್ ಹಾಗೇ ಉಳಿಯುತ್ತದೆ. ನಿಮ್ಮ ರಿಪೋರ್ಟ್‌ಗಳಲ್ಲಿ ಕಾನ್ಸ್ ಎದ್ದು ಕಾಣುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಅದಕ್ಕೇ 20 ಎಂಎಲ್ ಸಿರಿಂಜ್ ಇಟ್ಟುಕೊಳ್ಳಿ. ಏರೋಬಿಕ್ ಮಾತ್ರ ಕಳಿಸುವುದಾದರೆ 10 ಎಂಎಲ್‌ದೂ ಸಾಕು. ಚುಚ್ಚುವ ಮೊದಲೇ ಬಾಟಲಿಯ ಲೇಬಲ್ ಮೇಲೆ, ದ್ರಾವಣ ಈಗ ಇರುವ ಮಟ್ಟದಿಂದ 10 ಎಂಎಲ್ ಮೇಲಕ್ಕೆ ಪೆನ್ನಲ್ಲಿ ಒಂದು ಗೆರೆ ಎಳೆಯಿರಿ. ಬಾಟಲಿಯ ಒಳಗೆ ವ್ಯಾಕ್ಯೂಮ್ ಇರುತ್ತದೆ, ಬಿಟ್ಟರೆ ಹತ್ತಕ್ಕಿಂತ ಜಾಸ್ತಿ ಎಳೆದುಕೊಂಡುಬಿಡುತ್ತದೆ. ಜಾಸ್ತಿ ಆದರೂ ತೊಂದರೆ: ಮಷೀನ್ ನೋಡುವುದು ಬಾಟಲಿಯಲ್ಲಿ ಹುಟ್ಟುವ ಕಾರ್ಬನ್ ಡೈಆಕ್ಸೈಡನ್ನು, ಬಿಳಿ ರಕ್ತಕಣಗಳೂ ಅದನ್ನು ಬಿಡುತ್ತವೆ, ಹಾಗಾಗಿ ಕೀಟಾಣುವೇ ಇಲ್ಲದೆ ಪಾಸಿಟಿವ್ ಅಂತ ಕೂಗಿಕೊಳ್ಳಬಹುದು. ಬೇರೆ ಟೆಸ್ಟ್‌ಗಳಿಗೂ ರಕ್ತ ಬೇಕಿದ್ದರೆ ಕಲ್ಚರ್ ಬಾಟಲಿ ಮೊದಲು, ಟ್ಯೂಬ್‌ಗಳು ಆಮೇಲೆ. ರಕ್ತ ಸ್ವಲ್ಪವೇ ಸಿಕ್ಕಿದರೆ ಏರೋಬಿಕ್ ಬಾಟಲಿಯನ್ನು ಪೂರ್ತಿ ತುಂಬಿ, ಉಳಿದದ್ದು ಅನೇರೋಬಿಕ್‌ಗೆ.

ಇನ್ನು "ಸ್ಪಿರಿಟ್ ಹಚ್ಚಿಯೇ ತೆಗೀತೀವಿ" ಅಂದಿರಲ್ಲ, ಹೇಗೆ ಹಚ್ಚುತ್ತೀರಿ ಅನ್ನುವುದು ಮುಖ್ಯ. ಸ್ಟೀಲ್ ಡಬ್ಬಿಯಲ್ಲಿ ಬೆಳಗ್ಗೆ ನೆನೆಸಿಟ್ಟ ಹತ್ತಿ, ಎಲ್ಲರೂ ಅದಕ್ಕೇ ಬೆರಳು ಹಾಕಿ ತೆಗೆಯುವುದು, ಒಂದು ಸಲ ಸವರಿ ಒದ್ದೆ ಇರುವಾಗಲೇ ಚುಚ್ಚುವುದು. ಹೀಗಿದ್ದರೆ ಸ್ಪಿರಿಟ್ ಹಚ್ಚಿಯೂ ಹಚ್ಚದ ಹಾಗೆ. ಬ್ಯಾಸಿಲಸ್ ಜಾತಿಯ ಸ್ಪೋರ್‌ಗಳು ಸ್ಪಿರಿಟ್‌ನಲ್ಲಿ ಸಾಯುವುದೇ ಇಲ್ಲ, ಹತ್ತಿಯಲ್ಲೇ ಆರಾಮಾಗಿ ಇರುತ್ತವೆ. ಒಂದೇ ವಾರ್ಡಿನ ಮೂರು ನಾಲ್ಕು ರೋಗಿಗಳಲ್ಲಿ ಒಟ್ಟಿಗೆ ಬ್ಯಾಸಿಲಸ್ ಬಂದರೆ ನಾನು ಮೊದಲು ಕೇಳುವುದು ಆ ಡಬ್ಬಿಯನ್ನೇ.

70% ಆಲ್ಕೋಹಾಲ್‌ನಲ್ಲಿ 2% ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣ ಬಳಸಿ, ಸ್ಟೆರೈಲ್ ಗಾಜ್ ಅಥವಾ ಒಂದೊಂದೇ ಪ್ಯಾಕ್ ಆದ ಸ್ವಾಬ್‌ನಿಂದ. ರೋಗಿಯ ಕೈ ಮಣ್ಣಾಗಿದ್ದರೆ ಮೊದಲು ಸೋಪು ನೀರಿನಿಂದ ತೊಳೆಯಿರಿ. ವೆಯ್ನ್ ಹುಡುಕಿಕೊಂಡು, ಆಮೇಲೆ 30 ಸೆಕೆಂಡ್ ಹಿಂದೆ ಮುಂದೆ ಒತ್ತಿ ಉಜ್ಜಿ. ಇನ್ನು 30 ಸೆಕೆಂಡ್ ತಾನಾಗಿ ಒಣಗಲು ಬಿಡಿ. ಊದಬೇಡಿ, ಹತ್ತಿಯಿಂದ ಒರೆಸಬೇಡಿ. ಬೆಟಾಡಿನ್ ಮಾತ್ರ ಇದ್ದರೆ ಹಚ್ಚಿ ಸುಮಾರು ಎರಡು ನಿಮಿಷ ಒಣಗಬೇಕು, ಅದಕ್ಕಿಂತ ಮೊದಲು ಅದು ಕೆಲಸ ಮುಗಿಸಿರುವುದಿಲ್ಲ. ಎರಡು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಕ್ಲೋರ್‌ಹೆಕ್ಸಿಡಿನ್ ಬೇಡ, ಚರ್ಮ ಸುಡುವ ಭಯ ಇದೆ. ಅವರಿಗೆ ಯಾವುದು ಹಚ್ಚಬೇಕು ಅಂತ ನಿಮ್ಮ ಮಕ್ಕಳ ವಿಭಾಗದ ಕ್ರಮ ಇರುತ್ತದೆ, ಹಾಗೇ ಮಾಡಿ.

ಒಣಗಿದ ಮೇಲೆ ಆ ಜಾಗವನ್ನು ಮತ್ತೆ ಮುಟ್ಟಿ ನೋಡಬೇಡಿ. ನಾನು ವಾರ್ಡಿಗೆ ಹೋಗಿ ನೋಡಿದಾಗ ಎಲ್ಲರೂ ಜಾರುವುದು ಇಲ್ಲೇ: ಚೆನ್ನಾಗಿ ಉಜ್ಜುತ್ತಾರೆ, ಕಾಯುತ್ತಾರೆ, ಕೊನೆ ಗಳಿಗೆಯಲ್ಲಿ ವೆಯ್ನ್ ಅಲ್ಲೇ ಇದೆಯಾ ಅಂತ ಬೆರಳಿಟ್ಟು ಒತ್ತುತ್ತಾರೆ. ಹಾಕಿಕೊಂಡ ಗ್ಲೌಸ್ ಸ್ಟೆರೈಲ್ ಅಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಮತ್ತೆ ಮೊದಲಿನಿಂದ ಉಜ್ಜಬೇಕು. ಹಾಗೆಯೇ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗಿನ ರಬ್ಬರ್ ಸ್ಟೆರೈಲ್ ಅಂತ ಅನೇಕರು ನಂಬಿದ್ದಾರೆ. ಅಲ್ಲ. ಅದಕ್ಕೆ ಹೊಸ ಆಲ್ಕೋಹಾಲ್ ಸ್ವಾಬ್ ಬೇಕು, ಅದೂ ಒಣಗಬೇಕು. ರಬ್ಬರ್‌ಗೆ ಬೆಟಾಡಿನ್ ಹಾಕಬೇಡಿ, ಅದು ರಬ್ಬರನ್ನು ಹಾಳು ಮಾಡುತ್ತದೆ. ಐವಿ ಕ್ಯಾನುಲಾದಿಂದ ರಕ್ತ ಎಳೆಯಬೇಡಿ, ಅದರ ಹಬ್ ಮೇಲೆ ಕಾನ್ಸ್ ಮನೆ ಮಾಡಿಕೊಂಡಿರುತ್ತದೆ. ಇಷ್ಟೆಲ್ಲ ಮಾಡಿದರೂ ಕಂಟಾಮಿನೇಷನ್ ಸೊನ್ನೆ ಆಗುವುದಿಲ್ಲ, ಕೂದಲ ಬುಡದಲ್ಲಿ ಇರುವ ಕೀಟಾಣುವಿಗೆ ಯಾವ ದ್ರಾವಣವೂ ಪೂರ್ತಿ ತಲುಪುವುದಿಲ್ಲ. 3%ಗಿಂತ ಕಡಿಮೆ ಇರಬೇಕು ಅನ್ನುವುದು ಹಳೆಯ ಅಳತೆಗೋಲು. ಈಗ ಒಳ್ಳೆಯ ಅಭ್ಯಾಸ ಇರುವ ಕಡೆ 1% ಗುರಿ ಇಟ್ಟುಕೊಳ್ಳುತ್ತಾರೆ.

ಈಗ ರಿಪೋರ್ಟ್ ಓದುವುದು. ಎರಡು ಕೇಸ್ ಹೇಳುತ್ತೇನೆ, ಎರಡರಲ್ಲೂ ಬೆಳೆದದ್ದು ಕಾನ್ಸ್ ಗುಂಪಿನ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್.

ಮೊದಲನೆಯದು ನ್ಯುಮೋನಿಯಾ ಆಗಿ ಬಂದ ಒಬ್ಬ ಹಿರಿಯರು. ಎರಡು ಕೈಯಿಂದ ಎರಡು ಸೆಟ್, ನಾಲ್ಕು ಬಾಟಲಿ. ಬಲಗೈಯ ಒಂದೇ ಬಾಟಲಿ 31 ಗಂಟೆಗೆ ಪಾಸಿಟಿವ್, ಉಳಿದ ಮೂರು ಐದು ದಿನ ಕಾದರೂ ನೆಗೆಟಿವ್. ಮೈಯಲ್ಲಿ ಲೈನ್ ಇಲ್ಲ, ಕೃತಕ ಹೃದಯ ಕವಾಟ ಇಲ್ಲ, ನ್ಯುಮೋನಿಯಾಗೆ ಕೊಟ್ಟ ಔಷಧಿಗೇ ಜ್ವರ ಇಳಿಯುತ್ತಿದೆ. ಇದು ಕಂಟಾಮಿನೇಷನ್ ಅಂತ ನಾನು ಧೈರ್ಯವಾಗಿ ಬರೆದೆ. ಧೈರ್ಯ ಕೊಟ್ಟದ್ದು ಆ ನೆಗೆಟಿವ್ ಬಂದ ಮೂರು ಬಾಟಲಿಗಳು.

ಎರಡನೆಯದು ಡಯಾಲಿಸಿಸ್‌ಗೆ ಕುತ್ತಿಗೆಯಲ್ಲಿ ಕ್ಯಾತಿಟರ್ ಇದ್ದ ರೋಗಿ, ಡಯಾಲಿಸಿಸ್ ಶುರುವಾಗುತ್ತಿದ್ದ ಹಾಗೆ ಚಳಿ ನಡುಕ. ಲೈನ್ ಮೇಲೇ ಅನುಮಾನ ಇದ್ದದ್ದರಿಂದ ಇಲ್ಲಿ ಬೇಕೆಂದೇ ಕ್ಯಾತಿಟರ್‌ನಿಂದ ಒಂದು ಸೆಟ್, ಕೈಯಿಂದ ಒಂದು ಸೆಟ್ ತೆಗೆಸಿದೆವು. ಕ್ಯಾತಿಟರ್ ಬಾಟಲಿ 13 ಗಂಟೆಗೆ, ಕೈಯ ಬಾಟಲಿ 16 ಗಂಟೆಗೆ ಪಾಸಿಟಿವ್. ಎರಡರಲ್ಲೂ ಅದೇ ಜಾತಿ, ಅದೇ ಸೆನ್ಸಿಟಿವಿಟಿ. ಕ್ಯಾತಿಟರ್ ರಕ್ತ ಕೈಯ ರಕ್ತಕ್ಕಿಂತ ಎರಡು ಗಂಟೆ ಅಥವಾ ಇನ್ನೂ ಹೆಚ್ಚು ಮೊದಲು ಪಾಸಿಟಿವ್ ಆದರೆ ಸೋಂಕಿನ ಮೂಲ ಆ ಕ್ಯಾತಿಟರ್ ಅಂತ ಲೆಕ್ಕ. ಇದು ನಿಜವಾದ ಸೋಂಕು, ಕ್ಯಾತಿಟರ್ ತೆಗೆದು ವ್ಯಾಂಕೊಮೈಸಿನ್ ಕೊಡಬೇಕಾಯಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಎರಡೂ ಬಾಟಲಿಗೆ ಸಮ ರಕ್ತ ಹಾಕಿ, ಒಂದೇ ಹೊತ್ತಿಗೆ ಮಷೀನಿಗೆ ಇಟ್ಟಿದ್ದರೆ ಮಾತ್ರ ಈ ಎರಡು ಗಂಟೆಯ ಲೆಕ್ಕಕ್ಕೆ ಅರ್ಥ. ಕ್ಯಾತಿಟರ್‌ನಿಂದ ಸಲೀಸಾಗಿ 10 ಎಂಎಲ್ ಬಂದು, ಕೈಯಿಂದ ಕಷ್ಟಪಟ್ಟು 3 ಎಂಎಲ್ ಬಂದರೆ, ಆ ವ್ಯತ್ಯಾಸ ಬರೀ ಅಳತೆಯಿಂದಲೇ ಬಂದಿರಬಹುದು. ಎಷ್ಟು ಎಂಎಲ್, ಎಲ್ಲಿಂದ, ಎಷ್ಟು ಹೊತ್ತಿಗೆ ಅಂತ ಬಾಟಲಿ ಮೇಲೇ ಬರೆದು ಕಳಿಸಿ. ಆದರೆ ಬಾರ್‌ಕೋಡ್ ಮುಚ್ಚುವ ಹಾಗೆ ಲೇಬಲ್ ಅಂಟಿಸಬೇಡಿ.

ಬೇಗ ಬೆಳೆದರೆ ನಿಜ, ತಡವಾಗಿ ಬೆಳೆದರೆ ಕಂಟಾಮಿನೇಷನ್ ಅಂತ ಕೇಳಿರುತ್ತೀರಿ. ಸಾಮಾನ್ಯವಾಗಿ ಸರಿ, ಆದರೆ ಗಂಟೆ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು. ಕಡಿಮೆ ರಕ್ತ ಹಾಕಿದರೆ ಅಥವಾ ಆಂಟಿಬಯಾಟಿಕ್ ಕೊಟ್ಟ ಮೇಲೆ ತೆಗೆದರೆ ನಿಜವಾದದ್ದೂ ತಡವಾಗುತ್ತದೆ.

ಎಲ್ಲ ಕೀಟಾಣುವಿಗೂ ಈ ಚರ್ಚೆ ಇಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್, ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಟೈಫಾಯ್ಡ್‌ನ ಸಾಲ್ಮೊನೆಲ್ಲಾ, ಕ್ಯಾಂಡಿಡಾ ಒಂದೇ ಬಾಟಲಿಯಲ್ಲಿ ಬಂದರೂ ನಿಜ ಅಂತಲೇ ಹಿಡಿಯಬೇಕು. ಕಾನ್ಸ್ ಗುಂಪಿನಲ್ಲೇ ಲುಗ್ಡುನೆನ್ಸಿಸ್ ಅನ್ನುವುದು ಆರಿಯಸ್ ಥರ ಕೆಟ್ಟದ್ದು, ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಕರಾವಳಿ ಕಡೆ ಕೆಲಸ ಮಾಡುವವರಾದರೆ ಇನ್ನೊಂದು: ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯವರಿಗೆ ಜ್ವರ ಬಂದು, ಕಲ್ಚರ್‌ನಲ್ಲಿ "ಸ್ಯೂಡೊಮೊನಾಸ್ ಸ್ಪೀಷೀಸ್" ಅಂತ ಅರ್ಧಂಬರ್ಧ ಹೆಸರು ಬಂದು, ಜೆಂಟಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತದೆ ಅಂತ ಕಂಡರೆ ಅದನ್ನು ಕಂಟಾಮಿನೇಷನ್ ಅಂತ ಎತ್ತಿಡಬೇಡಿ. ಮಣ್ಣು, ನೀರಿನಿಂದ ಬರುವ ಮಾರಕ ಸೋಂಕಾದ ಮೆಲಿಯಾಯ್ಡೋಸಿಸ್ ಇರಬಹುದು, ತಕ್ಷಣ ಲ್ಯಾಬಿಗೆ ಫೋನ್ ಮಾಡಿ.

ನವಜಾತ ಶಿಶುಗಳಲ್ಲಿ ನಿಜಕ್ಕೂ ಕಷ್ಟ. ಸಿಗುವುದೇ ಒಂದು ಎಂಎಲ್, ಒಂದೇ ಬಾಟಲಿ, ಮೇಲಾಗಿ ಲೈನ್ ಇರುವ ಅವಧಿಪೂರ್ವ ಶಿಶುಗಳಿಗೆ ಕಾನ್ಸ್ ನಿಜವಾದ ಸೋಂಕನ್ನೂ ಮಾಡುತ್ತದೆ. ಅಲ್ಲಿ ಮಗು ಹೇಗಿದೆ, ಸಿಆರ್‌ಪಿ, ಪ್ಲೇಟ್‌ಲೆಟ್ ಎಲ್ಲ ನೋಡಿಯೇ ತೀರ್ಮಾನ, ಆದರೆ ಸಾಧ್ಯ ಇದ್ದಾಗಲೆಲ್ಲ ಔಷಧಿ ಶುರು ಮಾಡುವ ಮೊದಲು ಇನ್ನೊಂದು ಕಲ್ಚರ್ ತೆಗೆಯಿರಿ.

ನಿಮ್ಮ ಐಸಿಯುನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಲು ಒಂದು ಸುಲಭದ ದಾರಿ ಇದೆ. ಒಂದು ವಾರ ಬಾಟಲಿಗಳನ್ನು ರಕ್ತ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಒಂದು ಎಂಎಲ್ ರಕ್ತ ಹೆಚ್ಚು ಕಡಿಮೆ ಒಂದು ಗ್ರಾಂ, ಹಾಗಾಗಿ ಯಾರು ಎಷ್ಟು ಹಾಕುತ್ತಿದ್ದಾರೆ ಅನ್ನುವುದು ಅಂದೇ ಕಾಣುತ್ತದೆ. ಜೊತೆಗೆ ಲ್ಯಾಬಿನಿಂದ ಕಳೆದ ತಿಂಗಳ ಲೆಕ್ಕ ಕೇಳಿ: ಎಷ್ಟು ಸೆಟ್ ಬಂತು, ಎಷ್ಟರಲ್ಲಿ ಒಂಟಿ ಬಾಟಲಿಯ ಕಾನ್ಸ್, ಅವುಗಳಲ್ಲಿ ಎಷ್ಟು ಕ್ಯಾನುಲಾದಿಂದ ತೆಗೆದದ್ದು. ಕ್ಯಾನುಲಾದ್ದೇ ಜಾಸ್ತಿ ಅಂತ ಬಂದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಹತ್ತಿ ಡಬ್ಬಿಯ ವಿಚಾರಕ್ಕೆ ಬನ್ನಿ.