ಹೊಸಬರಿಗೆ ಮೊದಲ ದಿನದ ಪತ್ರ: ರಿಸ್ಕ್ ಲಿಮಿಟ್

ಪ್ರಶ್ನೆ: ಟ್ರೇಡಿಂಗ್ ಡೆಸ್ಕ್‌ಗೆ ಇವತ್ತೇ ಸೇರಿದ್ದೇನೆ. ರಿಸ್ಕ್ ಲಿಮಿಟ್ ಒಳಗೆ ಇರುವುದು ಹೇಗೆ?

ಉತ್ತರ:

ಹೊಸದಾಗಿ ಸೇರಿದವರಿಗೆ,

ಎಷ್ಟು ಷೇರು ಕೊಳ್ಳಬೇಕೆಂದು ಸ್ಟಾಪ್‌ಲಾಸ್ ನೋಡಿ ನಿರ್ಧರಿಸಿ; ಅಂದರೆ ಬೆಲೆ ಎಷ್ಟಕ್ಕೆ ಇಳಿದರೆ ಮಾರಿ ಹೊರಬರಬೇಕೆಂದು ಮೊದಲೇ ಗೊತ್ತು ಮಾಡಿದ ಬೆಲೆ. ಒಂದು ಟ್ರೇಡ್‌ಗೆ ನಿಮ್ಮ ನಷ್ಟದ ಮಿತಿ 5,000 ರೂಪಾಯಿ ಎಂದಿಟ್ಟುಕೊಳ್ಳಿ. 500ಕ್ಕೆ ಕೊಂಡು 490ಕ್ಕೆ ಸ್ಟಾಪ್ ಇಟ್ಟರೆ ಷೇರಿಗೆ 10 ರೂಪಾಯಿ ನಷ್ಟ; ಅಂದರೆ 500 ಷೇರು, ಒಂದೂ ಹೆಚ್ಚು ಬೇಡ.

ಬೆಲೆ 491ಕ್ಕೆ ಬಂದಾಗ ಮನಸ್ಸು ತಡೆಯದೆ ಸ್ಟಾಪನ್ನು 485ಕ್ಕೆ ಇಳಿಸಿದರೆ ನಷ್ಟ 7,500ಕ್ಕೆ ಏರುತ್ತದೆ. ಲಿಮಿಟ್ ಮುರಿಯುವುದು ಹೆಚ್ಚಾಗಿ ಹೀಗೆಯೇ.

ಅದೇ ಷೇರನ್ನು ರಾತ್ರಿ ಉಳಿಸಿಕೊಂಡರೆ ಸ್ಟಾಪ್ ನಿಮ್ಮನ್ನು ಕಾಪಾಡುವುದಿಲ್ಲ. ಬೆಳಿಗ್ಗೆ ಮಾರುಕಟ್ಟೆ 470ಕ್ಕೆ ತೆರೆದರೆ 15,000 ಹೋಯಿತು. ಆದ್ದರಿಂದ ಮಾರುಕಟ್ಟೆ ಮುಚ್ಚುವ ಮೊದಲೇ ಷೇರು ಮಾರಿಬಿಡಿ. ಲಿಮಿಟ್ ದಾಟಿದ್ದು ಕಂಡರೆ ಬೆಲೆ ಮರಳಲೆಂದು ಕಾಯದೆ ತಕ್ಷಣ ರಿಸ್ಕ್ ಡೆಸ್ಕ್‌ಗೆ ತಿಳಿಸಿ.