ಹಸಿರಿನ ಮೇಲೆ ಕೆಂಪು ಅಕ್ಷರ ಕೂರಿಸುವ ಮುನ್ನ

ಪ್ರಶ್ನೆ: «ನಮ್ಮ ಗಿಡ ವಿನಿಮಯ ಮೇಳಕ್ಕೆ ಎ3 ಪೋಸ್ಟರ್ ಮಾಡಿದ್ದೇನೆ. ಹಿನ್ನೆಲೆ ಹಸಿರು #008000, ಹೆಡ್ಡಿಂಗ್ ಕೆಂಪು #FF0000, ಕೆಳಗೆ ಸಮಯ-ಸ್ಥಳ ಕಿತ್ತಳೆ #FF8000. ಎಲ್ಲರೂ ಚೆನ್ನಾಗಿದೆ ಅಂದ್ರು. ನಮ್ಮ ಸಂಘದ ಒಬ್ಬ ಹಿರಿಯರಿಗೆ ಮಾತ್ರ ಹೆಡ್ಡಿಂಗ್ ಕಾಣ್ತಿಲ್ಲವಂತೆ, ಅವರಿಗೆ ಕಲರ್ ಬ್ಲೈಂಡ್ ಇದೆ. ಕೆಂಪನ್ನ ಇನ್ನೂ ಗಾಢ ಮಾಡಿ #CC0000 ಹಾಕಿದೆ, ಇನ್ನೂ ಕೆಟ್ಟಿತು. ಯಾವ ಕೆಂಪು ಹಾಕಲಿ?»

ಉತ್ತರ:

ಯಾವ ಕೆಂಪೂ ಬೇಡ. ಆ ಹಸಿರಿನ ಮೇಲೆ ಕೆಂಪು ಕೂರಲ್ಲ. ಪ್ರತಿ ವರ್ಷ ಮೇಳದ ಸಮಯಕ್ಕೆ ಈ ಗುಂಪಿನಲ್ಲಿ ಇದೇ ಪೋಸ್ಟರ್ ಬೇರೆ ಬೇರೆ ಹೆಸರಲ್ಲಿ ಬರುತ್ತೆ. ಮೊದಲು ಮಾಡಿದವರಲ್ಲಿ ನಾನೂ ಒಬ್ಬ, ಅದಕ್ಕೇ ಉದ್ದ ಬರೀತಿದ್ದೀನಿ.

ಅಕ್ಷರ ಓದಿಸುವುದು ಬಣ್ಣವಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಇರುವ ಬೆಳಕಿನ ಅಂತರ. ನಿಮಗೂ ನನಗೂ ಕೆಂಪು-ಹಸಿರು ಬೇರೆ ಕಾಣುವುದರಿಂದ ಅಂತರ ಇಲ್ಲದಿದ್ದರೂ ಹೇಗೋ ಓದಿಬಿಡ್ತೀವಿ. ನಿಮ್ಮ ಹಿರಿಯರಿಗೆ ಆ ಎರಡೂ ಒಂದೇ ಜಾತಿಯ ಕಂದು-ಹಳದಿ. ಅವರಿಗೆ ಉಳಿಯುವುದು ಬೆಳಕಿನ ಅಂತರ ಒಂದೇ, ನಿಮ್ಮ ಪೋಸ್ಟರಲ್ಲಿ ಅದೇ ಇಲ್ಲ. ಕಾಂಟ್ರಾಸ್ಟ್ ಲೆಕ್ಕ ಹೀಗೆ:

```
L = 0.2126 R + 0.7152 G + 0.0722 B
ratio = (L1 + 0.05) / (L2 + 0.05)
```

L ಅಂದರೆ ಬಣ್ಣದ ಬೆಳಕು, L1 ಎರಡರಲ್ಲಿ ಹೆಚ್ಚು ಬೆಳಕಿನದು, L2 ಕಡಿಮೆಯದು. ಕೈಯಲ್ಲಿ ಹಾಕುವುದಾದರೆ ಕೋಡ್‌ನ ಅಂಕೆ ನೇರವಾಗಿ ಹಾಕಬೇಡಿ, 255ರಿಂದ ಭಾಗಿಸಿ, ಗಾಮಾ ತೆಗೆದು ಹಾಕಬೇಕು. ಆ ತಲೆನೋವು ಬೇಡವೆಂದರೆ ಯಾವುದಾದರೂ ಕಾಂಟ್ರಾಸ್ಟ್ ಚೆಕರ್‌ಗೆ ಎರಡು ಕೋಡ್ ಕೊಡಿ. ನಿಮ್ಮ ಕೆಂಪು-ಹಸಿರಿಗೆ ಬರುವುದು 1.28. ಗಾಢ ಮಾಡಿದ #CC0000 ಗೆ 1.15. ಅಂದರೆ ಕೆಂಪು ಕಪ್ಪಾಗುತ್ತಾ ಹೋಗಿ ಹಸಿರಿನ ಬೆಳಕಿನ ಮಟ್ಟಕ್ಕೆ ಇನ್ನೂ ಹತ್ತಿರ ಬಂದು ನಿಂತಿದೆ, ಅದಕ್ಕೇ ಇನ್ನೂ ಕೆಟ್ಟಿತು. ಕಿತ್ತಳೆಯ ಸಾಲಿಗೆ 2.04, ಅದೂ ಸಾಲದು. ಸಣ್ಣ ಅಕ್ಷರಕ್ಕೆ ಕನಿಷ್ಠ 4.5, ದಪ್ಪ ದೊಡ್ಡ ಹೆಡ್ಡಿಂಗಿಗೆ 3 ಎನ್ನುವುದು ವೆಬ್‌ನವರ ನಿಯಮ. ಗೋಡೆಗೆ ಅಂಟಿಸಿ ಹತ್ತು ಅಡಿಯಿಂದ ಓದಿಸುವ ಪೋಸ್ಟರ್‌ಗೆ ನಾನು 7ಕ್ಕಿಂತ ಕೆಳಗೆ ಇಳಿಯಲ್ಲ.

ನಿಮ್ಮ ಹಸಿರು ಬಿಡಬೇಕಿಲ್ಲ. ಹಿನ್ನೆಲೆಯನ್ನು #004D26 ಗೆ ಇಳಿಸಿ. ಹೆಡ್ಡಿಂಗ್ ಹಳದಿ #FFE000 ಹಾಕಿದರೆ 7.6 ಬರುತ್ತೆ, ಸಮಯ-ಸ್ಥಳ ಬಿಳಿಯಲ್ಲಿ ಹಾಕಿದರೆ 10. ಕೆಂಪು ಬೇಕೇ ಬೇಕು ಅಂತ ಸಂಘದವರು ಹಟ ಹಿಡಿದರೆ ಕೆಳಗೊಂದು ಬಿಳಿ ಪಟ್ಟಿ ಎಳೆದು, ಅದರ ಮೇಲೆ #B00000 ನಲ್ಲಿ «ಪ್ರವೇಶ ಉಚಿತ» ಅಂತ ದಪ್ಪಗೆ ಬರೆಯಿರಿ. 7.4 ಬರುತ್ತೆ. ಕೆಲವರಿಗೆ ಅದು ಬರೀ ಕಪ್ಪಾಗಿ ಕಾಣಬಹುದು, ಕಾಣಲಿ, ಓದಲಿಕ್ಕಂತೂ ಆಗುತ್ತೆ. ಒತ್ತು ಕೊಡುವ ಕೆಲಸ ಪಟ್ಟಿ ಮತ್ತು ದಪ್ಪ ಮಾಡುತ್ತೆ, ಕೆಂಪು ಮಾಡಬೇಕಿಲ್ಲ.

ಮೇಲೆ ಒಬ್ಬರು «ಒಕಾಬೆ-ಇಟೊ ಪ್ಯಾಲೆಟ್ ಹಾಕಿ, ಅದು ಕಲರ್ ಬ್ಲೈಂಡ್ ಸೇಫ್, ಮುಗೀತು» ಅಂದಿದ್ದಾರೆ. ಅರ್ಧ ಸರಿ ಸರ್. ಆ ಪ್ಯಾಲೆಟ್ ಮಾಡಿದ ಜಪಾನಿನ ಇಬ್ಬರೂ ಸ್ವತಃ ವರ್ಣಾಂಧರು, ಕೆಲಸ ಅಚ್ಚುಕಟ್ಟು. ಆದರೆ ಅದು ಗ್ರಾಫ್‌ನ ಗೆರೆ, ಬಾರ್, ನಕ್ಷೆಯ ತುಂಡುಗಳನ್ನು ಒಂದರಿಂದ ಇನ್ನೊಂದನ್ನು ಬೇರೆ ಗುರುತಿಸಲಿಕ್ಕೆ. ಅದರೊಳಗಿನ ಒಂದು ಬಣ್ಣದ ಮೇಲೆ ಇನ್ನೊಂದರಲ್ಲಿ ಅಕ್ಷರ ಬರೆಯಲಿಕ್ಕಲ್ಲ. ಅದೇ ಪ್ಯಾಲೆಟ್‌ನ ನೀಲಿ #0072B2 ಮೇಲೆ ಅದೇ ಪ್ಯಾಲೆಟ್‌ನ ಸಿಂಧೂರ #D55E00 ಇಟ್ಟು ನೋಡಿ, 1.34! ಬಿಳಿ ಮೇಲೆ ಅದರ ಕಿತ್ತಳೆ #E69F00 ಬರೆದರೆ 2.25. ಆ ಪ್ಯಾಲೆಟ್‌ನ ಎಂಟು ಬಣ್ಣಗಳಲ್ಲಿ ಬಿಳಿ ಹಾಳೆಯ ಮೇಲೆ ಸಣ್ಣ ಅಕ್ಷರಕ್ಕೆ ಧೈರ್ಯವಾಗಿ ಬಳಸಬಹುದಾದದ್ದು ಕಪ್ಪು ಮತ್ತು ಆ ನೀಲಿ ಮಾತ್ರ, ನೀಲಿಗೆ 5.2 ಬರುತ್ತೆ. ಮಿಕ್ಕವು ಚಿತ್ರಕ್ಕೆ, ಅಂಚಿಗೆ, ಎಲೆ-ಹೂವಿಗೆ ಇರಲಿ.

«ಕಪ್ಪು-ಬಿಳುಪು ಮಾಡಿ ನೋಡಿ, ಕಂಡರೆ ಪಾಸ್» ಅಂದ ಮೇಡಂಗೂ ಒಂದು ಮಾತು. ವಿಧಾನ ಒಳ್ಳೆಯದು, ನಾನೂ ಮೊದಲು ಮಾಡುವುದು ಅದನ್ನೇ. ಆದರೆ ಕಪ್ಪು-ಬಿಳುಪು ಮಾಡುವುದರಲ್ಲೇ ನಾಲ್ಕೈದು ಬಗೆ ಇದೆ, ತಪ್ಪು ಬಗೆ ಆರಿಸಿದರೆ ಸುಳ್ಳು ಪಾಸ್ ಸಿಗುತ್ತೆ. ಗಿಂಪ್‌ನಲ್ಲಿ Colors > Desaturate > Desaturate ಒತ್ತಿದಾಗ ಒಂದು ಪಟ್ಟಿ ಬರುತ್ತಲ್ಲ, ಅದರಲ್ಲಿ Lightness (HSL) ಇಟ್ಟರೆ ಈ ಕೆಂಪು 128 ಬೂದು, ಈ ಹಸಿರು 64 ಬೂದು. «ಆಹಾ, ಎಷ್ಟು ಅಂತರ» ಅನ್ಸುತ್ತೆ. Luminance ಇಟ್ಟು ನೋಡಿ, ಸುಮಾರು 130 ಮತ್ತು 110, ಹೆಡ್ಡಿಂಗ್ ಮಾಯ. ಕಣ್ಣಿಗೆ ಹತ್ತಿರದ್ದು ಎರಡನೆಯದು. ಫೋನಿನ ಫೋಟೋ ಆ್ಯಪ್‌ಗಳ «ಬ್ಲ್ಯಾಕ್ ಅಂಡ್ ವೈಟ್» ಫಿಲ್ಟರಂತೂ ನಂಬಲೇಬೇಡಿ, ಅವು ಚಂದಕ್ಕೆ ಕಾಂಟ್ರಾಸ್ಟ್ ಏರಿಸಿ ಕೊಡುತ್ತವೆ.

ಸರಿಯಾದ ಬೂದು ಮಾಡಿದರೂ ಒಂದು ಕಡೆ ಮೋಸ ಉಳಿಯುತ್ತೆ. ಕಪ್ಪಿನ ಮೇಲೆ ಕೆಂಪು. ನಾಟಕದ ಪೋಸ್ಟರ್ ಮಾಡುವವರಿಗೆ ಅದರ ಮೇಲೆ ಬಹಳ ಪ್ರೀತಿ. ಚೆಕರ್‌ಗೆ ಕೊಟ್ಟರೆ 5.25, ಪಾಸ್ ಅನ್ನುತ್ತೆ. ಆದರೆ ಆ ಲೆಕ್ಕದಲ್ಲಿ ಕೆಂಪಿಗೆ ಕೊಟ್ಟಿರುವ 0.2126 ಸಾಮಾನ್ಯ ಕಣ್ಣಿನದು. ಕೆಂಪು ಗ್ರಹಿಸುವ ಕೋಶವೇ ಕೆಲಸ ಮಾಡದವರಿಗೆ, ಅಂದರೆ ಪ್ರೋಟಾನ್ ಬಗೆಯವರಿಗೆ, ಕೆಂಪು ಬೇರೆ ಬಣ್ಣವಾಗಿ ಕಾಣುವುದಷ್ಟೇ ಅಲ್ಲ, ಮಂಕಾಗಿ ಕಾಣುತ್ತೆ. ಸಿಮ್ಯುಲೇಟರಿನ ಬಣ್ಣ ಎತ್ತಿಕೊಂಡು ಮತ್ತೆ ಲೆಕ್ಕ ಹಾಕಿದರೆ ಅದು ಸುಮಾರು 3ಕ್ಕೆ ಇಳಿಯುತ್ತೆ, ಸಂಜೆ ಬೆಳಕಲ್ಲಿ ಕಪ್ಪು ಗೋಡೆಯಷ್ಟೆ. ಹಸಿರಿನ ತೊಂದರೆ ಇರುವ ಡ್ಯೂಟಾನ್ ಬಗೆಯವರಿಗೆ ಇಷ್ಟು ಮಂಕಾಗಲ್ಲ. ಹಾಗಾಗಿ «ನಮ್ಮ ಕಲರ್ ಬ್ಲೈಂಡ್ ಸ್ನೇಹಿತ ನೋಡಿ ಓಕೆ ಅಂದ» ಎಂದರೆ ಅವನೊಬ್ಬನಿಗೆ ಓಕೆ ಅಂತ ಮಾತ್ರ.

ಅದೇ ಕಾರಣಕ್ಕೆ ರಾಜ್ಯೋತ್ಸವದ ಹಳದಿ ಮೇಲಿನ ಕೆಂಪು ಪ್ರೋಟಾನ್‌ನವರಿಗೆ ನಮಗಿಂತ ಚೆನ್ನಾಗಿ ಓದಲು ಸಿಗುತ್ತೆ, ಕೆಂಪು ಮಂಕಾದಷ್ಟೂ ಹಳದಿಯಿಂದ ದೂರ ಹೋಗುತ್ತಲ್ಲ. ಅಲ್ಲಿ ಸೋಲುವುದು ಎಲ್ಲರಿಗೂ ಸೇರಿ: #FFCC00 ಮೇಲೆ ಅಪ್ಪಟ #FF0000 ಬರೀ 2.64. ಅದನ್ನು #8B0000 ಮಾಡಿ, 6.6. ಬಾವುಟದ ಭಾವನೆಗೂ ಧಕ್ಕೆ ಇಲ್ಲ.

ನೋಡುವುದು ಹೇಗೆ? ಕಂಪ್ಯೂಟರಲ್ಲಿ ಗಿಂಪ್ ಇದ್ದರೆ View > Display Filters > Color Deficient Vision. ಫೋಟೋಶಾಪ್ ಇದ್ದರೆ View > Proof Setup > Color Blindness, ಎರಡೂ ಬಗೆ ಹಾಕಿ ನೋಡಿ. ಕೋರೆಲ್‌ನಲ್ಲಿ ಮಾಡುವ ಡಿಟಿಪಿಯವರು Color Oracle ಹಾಕಿಕೊಳ್ಳಿ. ಉಚಿತ, ಇಡೀ ಸ್ಕ್ರೀನನ್ನೇ ಬದಲಿಸಿ ತೋರಿಸುತ್ತೆ, ಯಾವ ಸಾಫ್ಟ್‌ವೇರ್ ತೆರೆದಿದ್ದರೂ ಸರಿ. ಕ್ಯಾನ್ವಾ ಟೆಂಪ್ಲೇಟ್ ಎತ್ತಿಕೊಂಡು ಬಣ್ಣ ಮುಟ್ಟದೆ ಹಾಗೇ ಕಳಿಸುವವರಿಗೆ ಏನು ಹೇಳಲಿ, ಚಂದ ಮಾಡಿದವರು ಓದಿಸಲಿಕ್ಕೆ ಮಾಡಿಲ್ಲ ಅದನ್ನ.

ಆಂಡ್ರಾಯ್ಡ್ ಫೋನ್ ಮಾತ್ರ ಇದ್ದರೆ About phone ಒಳಗೆ Build number ಅನ್ನು ಏಳು ಸಲ ಒತ್ತಿ Developer options ತೆರೆಯಿರಿ, ಅದರಲ್ಲಿ Simulate color space. ಇಲ್ಲಿ ತುಂಬಾ ಜನ ಎಡವುತ್ತಾರೆ: Accessibility ಒಳಗಿನ Color correction ಬೇರೆ. ಅದು ವರ್ಣಾಂಧರಿಗೆ ಬಣ್ಣ ಬೇರ್ಪಡಿಸಿ ಕೊಡುವುದು, ನಮಗೆ ಬೇಕಾದದ್ದಕ್ಕೆ ತದ್ವಿರುದ್ಧ. ಅದನ್ನು ಹಾಕಿ «ನನ್ನ ಪೋಸ್ಟರ್ ಇನ್ನೂ ಚೆನ್ನಾಗಿ ಕಾಣ್ತಿದೆ» ಅಂತ ಖುಷಿಪಡಬೇಡಿ. ಸಿಮ್ಯುಲೇಟ್ ಹಾಕಿಕೊಂಡು ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಕಳಿಸಿದರೂ ಪ್ರಯೋಜನ ಇಲ್ಲ, ಸಾಮಾನ್ಯ ಬಣ್ಣವೇ ಹೋಗುತ್ತೆ.

«ಹಿರಿಯರ ಕಣ್ಣಿನ ಪವರ್ ಚೆಕ್ ಮಾಡಿಸಿ, ಪೊರೆ ಇರಬಹುದು» ಅಂತ ಬರೆದವರೇ, ಪ್ರಶ್ನೆ ಅದಲ್ಲ. ಆದರೂ ಪೊರೆ ಬಂದ ಕಣ್ಣಿಗೆ ನೀಲಿ ಕಡಿಮೆ ಕಾಣುತ್ತೆ ಅನ್ನುವುದು ನಿಜ, ಕಪ್ಪಿನ ಮೇಲೆ ಕಡು ನೀಲಿ ಬರೆಯದಿರಲು ಅದು ಇನ್ನೊಂದು ಕಾರಣ.

ಔಟ್‌ಲೈನ್ ಬಗ್ಗೆ: ಫ್ಲೆಕ್ಸ್ ಅಂಗಡಿಯಲ್ಲಿ «ಕಾಣಲ್ಲ» ಅಂದ ಕೂಡಲೇ ಕೆಂಪು ಅಕ್ಷರಕ್ಕೆ ಬಿಳಿ ಅಂಚು ಹಾಕಿಕೊಡುತ್ತಾರೆ. ಇಂಗ್ಲಿಷ್ ದಪ್ಪಕ್ಷರಕ್ಕೆ ನಡೆಯುತ್ತೆ. ಕನ್ನಡದಲ್ಲಿ «ಸಸ್ಯೋತ್ಸವ» ಅಂತ ಬರೆದಾಗ ಒತ್ತಕ್ಷರದ ಸಂದು ಅಂಚಿನಿಂದಲೇ ತುಂಬಿಹೋಗುತ್ತೆ. ಅಂಚು ತೆಳುವಾದರೆ ದೂರದಿಂದ ಕಾಣಲ್ಲ, ದಪ್ಪವಾದರೆ ಒತ್ತು ಕರಗುತ್ತೆ. ಎಷ್ಟು ದಪ್ಪ ಸರಿ ಅನ್ನುವುದಕ್ಕೆ ಒಂದೇ ಅಳತೆ ನನಗೆ ಸಿಕ್ಕಿಲ್ಲ, ಫಾಂಟಿನಿಂದ ಫಾಂಟಿಗೆ ಬದಲಾಗುತ್ತೆ. ಬಿಳಿ ಅಕ್ಷರವನ್ನೇ ನೇರ ಹಾಕಿದರೆ ಈ ಸರ್ಕಸ್ ಬೇಕಿಲ್ಲ. ಗ್ರೇಡಿಯಂಟ್ ಹಿನ್ನೆಲೆ ಇದ್ದರೆ ಅಕ್ಷರದ ಹಿಂದೆ ಅದರ ಅತಿ ಕೆಟ್ಟ ಜಾಗ ಯಾವುದೋ ಅಲ್ಲಿ ಅಳೆಯಿರಿ, ಚಂದದ ತುದಿಯಲ್ಲಲ್ಲ.

ಪ್ರಿಂಟ್‌ಗೆ ಕೊಡುವ ಮುನ್ನ ಎ4ನಲ್ಲಿ ಒಂದು ತೆಗೆಸಿ. ಮೇಲಿನ ಅಂಕೆಗಳೆಲ್ಲ ಸ್ಕ್ರೀನಿನವು, ಕಾಗದದ ಮೇಲೆ ಹಸಿರು-ಕಿತ್ತಳೆಗಳು ಮಂಕಾಗುತ್ತವೆ. ಆ ಎ4ನ ಫೋಟೋ ತೆಗೆದು ಸಿಮ್ಯುಲೇಟ್ ಹಾಕಿದ ಫೋನಿನಲ್ಲಿ ನೋಡಿ. ರಾತ್ರಿ ಹಳದಿ ಬೀದಿದೀಪದ ಕೆಳಗೆ ಅಂಟಿಸುವುದಾದರೆ ಹಳದಿಯೂ ಬಿಳಿಯೂ ಒಂದೇ ಆಗುತ್ತವೆ, ಆದ್ದರಿಂದ «ಹಳದಿಯಲ್ಲಿರುವವು ಮಾರಾಟಕ್ಕೆ, ಬಿಳಿಯಲ್ಲಿರುವವು ವಿನಿಮಯಕ್ಕೆ» ಅಂತೆಲ್ಲ ಬರೆಯಬೇಡಿ.

ಕೊನೆಗೆ, ಕೀಟನಾಶಕ ಡಬ್ಬಿಯ ತ್ರಿಕೋನಗಳ ಪೋಸ್ಟರ್ ಮಾಡ್ತಿದ್ದೀವಿ, ಅಲ್ಲಿ ಬಣ್ಣ ಬದಲಿಸುವ ಹಾಗಿಲ್ಲವಲ್ಲ ಅಂತ ಕೇಳಿದ ಅಣ್ಣನಿಗೆ. ಹೌದು, ಕೆಂಪು, ಹಳದಿ, ನೀಲಿ, ಹಸಿರು ಕಾನೂನಿನ ಬಣ್ಣಗಳು, ಮುಟ್ಟಬೇಡಿ. ಅತಿ ವಿಷದ್ದು ಕೆಂಪು, ಅತಿ ಕಡಿಮೆಯದು ಹಸಿರು, ಅದಲು ಬದಲಾಗುವ ಜೋಡಿಯೂ ಅದೇ. ಲೇಬಲ್ಲಿನ ವಜ್ರಾಕಾರದ ಗುರುತಿನಲ್ಲಿ ಬಣ್ಣದ ತ್ರಿಕೋನ ಕೆಳಗಿನ ಅರ್ಧ, ಮೇಲಿನ ಅರ್ಧದಲ್ಲಿ ಎಚ್ಚರಿಕೆಯ ಪದ ಇರುತ್ತೆ, ಕೆಂಪಿನದರಲ್ಲಿ ತಲೆಬುರುಡೆಯೂ ಇರುತ್ತೆ, ನಿಮ್ಮ ಪೋಸ್ಟರಲ್ಲಿ ಆ ಅರ್ಧವನ್ನೂ ಸೇರಿಸಿಯೇ ದೊಡ್ಡದಾಗಿ ತೋರಿಸಿ. ತುಂಬಾ ಜನ ಕೆಳಗಿನ ಬಣ್ಣದ ತುಂಡು ಮಾತ್ರ ಕತ್ತರಿಸಿ ಹಾಕಿಬಿಡುತ್ತಾರೆ. ಪ್ರತಿಯೊಂದರ ಪಕ್ಕ ಬಿಳಿ ಜಾಗದಲ್ಲಿ ಕಪ್ಪಕ್ಷರದಲ್ಲಿ ಬಣ್ಣದ ಹೆಸರನ್ನೂ ಅರ್ಥವನ್ನೂ ಬರೆಯಿರಿ, ತ್ರಿಕೋನದ ಒಳಗೆ ಬೇಡ. ಮಾಂಸಾಹಾರದ ಪೊಟ್ಟಣದ ಕಂದು ಚುಕ್ಕೆ ಈಗ ತ್ರಿಕೋನವಾಗಿದೆಯಲ್ಲ, ಹಸಿರು ಚುಕ್ಕೆಯಿಂದ ಆಕಾರದಲ್ಲೇ ಬೇರೆ ಗೊತ್ತಾಗುವುದು ಹಾಗೆ.

ಪ್ರಶ್ನೆ ಕೇಳಿದವರು: «#004D26 ಹಾಕಿದೆ ಸರ್, ಹಿರಿಯರು ಓದಿದ್ರು. ಆದ್ರೆ ಪ್ರಿಂಟ್ ಅಂಗಡಿಯವರು ಇದು ಹಸಿರಲ್ಲ, ಕಪ್ಪು ಬರುತ್ತೆ ಅಂತಿದ್ದಾರೆ.»

ಕಾಗದದಲ್ಲಿ ಕಪ್ಪಿಗೆ ಹತ್ತಿರ ಬರಬಹುದು, ನಿಜ. #006633 ಕೊಟ್ಟು ಎ4 ತೆಗೆಸಿ. ಅದರ ಮೇಲೆ ಬಿಳಿಗೆ ಇನ್ನೂ 7 ಸಿಗುತ್ತೆ, ಹಳದಿ ಹೆಡ್ಡಿಂಗಿಗೆ 5.4ರ ಆಸುಪಾಸು. ಹೆಡ್ಡಿಂಗ್ ದಪ್ಪಗಿದ್ದರೆ ನಡೆಯುತ್ತೆ, ತೆಳು ಫಾಂಟಾದರೆ ಅದನ್ನೂ ಬಿಳಿ ಮಾಡಿ.